ಅದೇ ಮೆಟೊಪ್ರೊಲಾಲ್, ಅದೇ 50: ಅಗ್ಗದ ಮಾತ್ರೆಗೆ ಬದಲಾಯಿಸಬಹುದೇ?



ಕರ್ನಾಟಕ ಬಿಟ್ಟು ವಿಶಾಖಪಟ್ಟಣ, ವಿಜಯವಾಡದ ಕಡೆ ನೆಲೆಸಿದವರಿಗೆ ಇದು ಗೊತ್ತಿರುವ ವಿಷಯ. ಊರಿನ ಡಾಕ್ಟರು ಬರೆದ ಬ್ರ್ಯಾಂಡ್ ಇಲ್ಲಿನ ಮೆಡಿಕಲ್ ಅಂಗಡಿಯಲ್ಲಿ ಸಿಗುವುದಿಲ್ಲ. "ಅದೇ ಮಂದು, ಅದೇ ಪವರ್, ರೇಟು ಕಮ್ಮಿ" ಎಂದು ಬೇರೆ ಸ್ಟ್ರಿಪ್ ಕೊಡುತ್ತಾರೆ. ತೆಗೆದುಕೊಳ್ಳಬಹುದೇ? ಹೆಚ್ಚಿನ ಸಲ ಹೌದು. ಆದರೆ ಹೆಸರು ಮತ್ತು ಮಿಲಿಗ್ರಾಂ ಎರಡೇ ನೋಡಿದರೆ ಸಾಲದು.

ನನ್ನ ಬಳಿ ಬಂದ ಒಂದು ಮನೆಯವರ ಕಥೆ ಕೇಳಿ. ಸಿಂಹಾಚಲಂ ಬೆಟ್ಟದ ಕೆಳಗೆ ಮನೆ. ಮಗಳು ದಾವಣಗೆರೆಯಿಂದ ಅಪ್ಪನನ್ನು ಕರೆಸಿಕೊಂಡಿದ್ದರು. ಅವರಿಗೆ 68 ವರ್ಷ, ಹಿಂದೆ ಒಮ್ಮೆ ಹೃದಯಾಘಾತ ಆಗಿದೆ. ದಿನಾ ಬೆಳಿಗ್ಗೆ 8ಕ್ಕೆ ಮೆಟೊಪ್ರೊಲಾಲ್ 50 ಒಂದು ಮಾತ್ರೆ. ಸ್ಟ್ರಿಪ್ ಖಾಲಿಯಾದಾಗ ಅಂಗಡಿಯಲ್ಲಿ ಅಗ್ಗದ ಮೆಟೊಪ್ರೊಲಾಲ್ 50 ಕೊಟ್ಟರು. ನಾಲ್ಕೇ ದಿನದಲ್ಲಿ ಯಜಮಾನರಿಗೆ ಬೆಳಿಗ್ಗೆ 10ರ ಹೊತ್ತಿಗೆ ತಲೆ ಸುತ್ತು, ನಸುಕಿನಲ್ಲಿ ಎದೆ ಡವಡವ. ಮಗಳು ಬರೆದಿಟ್ಟ ಲೆಕ್ಕ ಹೀಗಿತ್ತು: ಬೆಳಿಗ್ಗೆ 10ಕ್ಕೆ ಬಿಪಿ 104/64, ನಾಡಿ 54. ಮರುದಿನ ಮಾತ್ರೆಗೆ ಮೊದಲು ಬಿಪಿ 158/94, ನಾಡಿ 96.

"ಡಾಕ್ಟ್ರೇ, ಅಗ್ಗದ್ದು ಅಂದ್ರೆ ಕಳಪೆ ಅಲ್ವಾ?" ಎಂದರು ಮಗಳು. ನಾನು ಎರಡೂ ಸ್ಟ್ರಿಪ್ ತಿರುಗಿಸಿ ಹಿಂಭಾಗ ತೋರಿಸಿದೆ.

ಹಳೆಯದರಲ್ಲಿ ಮೆಟೊಪ್ರೊಲಾಲ್ ಸಕ್ಸಿನೇಟ್, ಎಕ್ಸ್‌ಟೆಂಡೆಡ್ ರಿಲೀಸ್ ಎಂದಿತ್ತು. ಹೊಸದರಲ್ಲಿ ಮೆಟೊಪ್ರೊಲಾಲ್ ಟಾರ್ಟ್ರೇಟ್ ಎಂದಷ್ಟೇ ಇತ್ತು. ಎರಡರಲ್ಲೂ ಕೆಲಸ ಮಾಡುವ ಔಷಧ ಮೆಟೊಪ್ರೊಲಾಲ್‌ ಒಂದೇ. ಆದರೆ ಅದು ಯಾವ ಲವಣದ ರೂಪದಲ್ಲಿದೆ, ಮಾತ್ರೆ ಅದನ್ನು ಎಷ್ಟು ನಿಧಾನವಾಗಿ ಬಿಡುತ್ತದೆ ಎಂಬುದು ಬೇರೆ. ಸಕ್ಸಿನೇಟ್ ಮಾತ್ರೆ ಇಡೀ ದಿನ ಸ್ವಲ್ಪ ಸ್ವಲ್ಪವೇ ಔಷಧ ಬಿಡುವಂತೆ ತಯಾರಾಗಿರುತ್ತದೆ, ಹಾಗಾಗಿ ದಿನಕ್ಕೆ ಒಂದು ಸಾಕು. ಸಾದಾ ಟಾರ್ಟ್ರೇಟ್ ಒಂದೆರಡು ಗಂಟೆಯಲ್ಲೇ ರಕ್ತದಲ್ಲಿ ಏರಿ, ಬೇಗ ಇಳಿಯುತ್ತದೆ. ಅದನ್ನು ಸಾಮಾನ್ಯವಾಗಿ ದಿನಕ್ಕೆ ಎರಡು ಸಲ ಹಂಚಿ ಕೊಡುತ್ತೇವೆ. ಇವರು ಒಂದೇ ಸಲ ನುಂಗಿದ್ದಕ್ಕೆ 10ಕ್ಕೆ ತಲೆ ಸುತ್ತು, ನಸುಕಿನಲ್ಲಿ ಡವಡವ. ಮಾತ್ರೆ ಕಳಪೆಯಾಗಿರಲಿಲ್ಲ, ಬೇರೆ ಮಾತ್ರೆಯಾಗಿತ್ತು.

ಇಲ್ಲಿ ಕಣ್ಣು ತಪ್ಪುವ ಜಾಗ ಒಂದಿದೆ. ನಿಧಾನ ಬಿಡುವ ಮಾತ್ರೆಯ ಸ್ಟ್ರಿಪ್ ಮೇಲೂ ಹಲವು ಸಲ "ಸಕ್ಸಿನೇಟ್ 47.5 ಮಿ.ಗ್ರಾಂ, ಟಾರ್ಟ್ರೇಟ್ 50ಕ್ಕೆ ಸಮ" ಎಂದು ಅಚ್ಚಾಗಿರುತ್ತದೆ. ಟಾರ್ಟ್ರೇಟ್ ಎಂಬ ಪದ ಕಂಡಿತೆಂದು ಗಾಬರಿಯಾಗಬೇಡಿ. ಸಕ್ಸಿನೇಟ್ ಇದೆಯೇ, ಜೊತೆಗೆ ಎಕ್ಸ್‌ಟೆಂಡೆಡ್ ಅಥವಾ ಪ್ರೊಲಾಂಗ್ಡ್ ರಿಲೀಸ್ ಎಂದಿದೆಯೇ ನೋಡಿ. ಎರಡೂ ಇದ್ದರೆ ಸರಿಯಾದ ಜೋಡಿ.

ಹೃದಯದ ಪಂಪಿಂಗ್ ಕಡಿಮೆ ಇರುವವರಿಗೆ ಈ ವ್ಯತ್ಯಾಸ ಇನ್ನೂ ಮುಖ್ಯ. ಅವರ ಆಯುಷ್ಯ ಹೆಚ್ಚುತ್ತದೆ ಎಂದು 1999ರಲ್ಲಿ ಪ್ರಕಟವಾದ ಮೆರಿಟ್-ಎಚ್‌ಎಫ್ ಅಧ್ಯಯನ ತೋರಿಸಿದ್ದು ನಿಧಾನ ಬಿಡುವ ಸಕ್ಸಿನೇಟ್‌ನಲ್ಲಿ. ಸಾದಾ ಟಾರ್ಟ್ರೇಟನ್ನು ಎರಡು ಸಲ ಕೊಟ್ಟರೂ ಅದಕ್ಕೆ ಸಮ ಎನ್ನಲಾಗದು.

ಮತ್ತೆ ದುಬಾರಿ ಬ್ರ್ಯಾಂಡಿಗೇ ಹೋದರೇ? ಇಲ್ಲ. ಜನೌಷಧಿ ಕೇಂದ್ರದಲ್ಲಿ ಸಕ್ಸಿನೇಟ್, ಪ್ರೊಲಾಂಗ್ಡ್ ರಿಲೀಸ್ 50 ಎಂದೇ ಕೇಳಿ ತಂದರು. ಒಂದು ವಾರ ಬೆಳಿಗ್ಗೆ ಮಾತ್ರೆಗೆ ಮೊದಲು ಮತ್ತು ಸಂಜೆ, ಐದು ನಿಮಿಷ ಕೂತು ಬಿಪಿ, ನಾಡಿ ಬರೆದರು. ವಾರದ ಕೊನೆಗೆ ಬೆಳಿಗ್ಗೆ 128/80, ನಾಡಿ 66. ಸಂಜೆಯೂ ಹೆಚ್ಚುಕಡಿಮೆ ಅಷ್ಟೇ. ಅಗ್ಗದ್ದೇ ಸಾಕಾಯಿತು.

ನೀವೂ ಹೀಗೇ ಮಾಡಿ. ಬದಲಾಯಿಸುವ ಮುನ್ನ ಮೂರು ದಿನ, ನಂತರ ಏಳು ದಿನ ಬರೆದಿಡಿ. ಎರಡು ಪಟ್ಟಿಯಲ್ಲಿ ದೊಡ್ಡ ವ್ಯತ್ಯಾಸ ಕಂಡರೆ ಎರಡೂ ಸ್ಟ್ರಿಪ್ ಹಿಡಿದು ಡಾಕ್ಟರ ಬಳಿ ಹೋಗಿ. ನಾಡಿ 50ಕ್ಕಿಂತ ಇಳಿದರೆ ಅಥವಾ ಕಣ್ಣು ಕತ್ತಲೆ ಬಂದರೆ ವಾರ ಕಾಯದೆ ಅವತ್ತೇ ಹೋಗಿ. ಸಂದೇಹ ಬಂತೆಂದು ಈ ಮಾತ್ರೆಯನ್ನು ನೀವೇ ಥಟ್ಟನೆ ನಿಲ್ಲಿಸಬೇಡಿ, ಎದೆನೋವು ಮರುಕಳಿಸಬಹುದು. ನಿಧಾನ ಬಿಡುವ ಮಾತ್ರೆಯನ್ನು ಪುಡಿ ಮಾಡುವುದು, ಅಗಿಯುವುದು ಬೇಡ. ಪುಡಿ ಮಾಡಿದರೆ ದಿನದ ಔಷಧವೆಲ್ಲ ಒಮ್ಮೆಗೇ ಹೊರಬರುತ್ತದೆ.

ಒಂದು ಅಪವಾದ: ರಕ್ತ ತೆಳುವಾಗಿಸುವ ವಾರ್ಫರಿನ್. ಅದರಲ್ಲಿ ಸಣ್ಣ ಏರುಪೇರೂ ರಕ್ತಸ್ರಾವಕ್ಕೋ ಹೆಪ್ಪುಗಟ್ಟುವುದಕ್ಕೋ ದಾರಿ. ಒಂದೇ ಕಂಪನಿಯದ್ದನ್ನು ಮುಂದುವರಿಸಿ. ಬದಲಾಯಿಸಲೇಬೇಕಾದರೆ ಡಾಕ್ಟರಿಗೆ ತಿಳಿಸಿ, ವಾರದೊಳಗೆ ಐಎನ್ಆರ್ ರಕ್ತ ಪರೀಕ್ಷೆ ಮಾಡಿಸಿ.

ಖಾಲಿ ಸ್ಟ್ರಿಪ್ ಎಸೆಯಬೇಡಿ. ಅಂಗಡಿಗೆ ಹೋಗುವಾಗ ಅದನ್ನೇ ಒಯ್ದು, ಹೊಸದರ ಹಿಂಭಾಗದ ಜೊತೆ ಪದಕ್ಕೆ ಪದ ಹೋಲಿಸಿ.