ಗೆಳತಿಯ ಧಾರಾವಾಹಿಯನ್ನು ಕೆಣಕುವಾಗ

‘ಪುಟ್ಟಗೌರಿ ಮದುವೆ’ಯ ನಾಯಕಿ ಬೆಟ್ಟದಿಂದ ಬಿದ್ದೂ ಬದುಕಿ, ಕಾಡಿನಲ್ಲಿ ಅಲೆದ ಕಂತುಗಳು ಬಂದಾಗ ಟ್ರೋಲ್‌ಗಳು ಮೊಬೈಲಿನಿಂದ ಮೊಬೈಲಿಗೆ ಹಾರಿದವು. ಧಾರಾವಾಹಿಯನ್ನು ಒಂದು ದಿನವೂ ನೋಡದವರು ನಕ್ಕರು; ಬಿಡದೆ ನೋಡುತ್ತಿದ್ದವರೂ ನಕ್ಕರು. ಆದರೆ ಎಷ್ಟೋ ಮನೆ, ಕಚೇರಿಗಳಲ್ಲಿ ಅದೇ ನಗೆ ಮಾತು ಗೌರಿಯನ್ನು ಬಿಟ್ಟು ಅವಳನ್ನು ನೋಡುತ್ತಿದ್ದ ಹೆಂಗಸಿನ ಮೇಲೆ ಬಿತ್ತು. ‘ಇಂಥದ್ದನ್ನೆಲ್ಲ ಕೂತ್ಕೊಂಡು ನೋಡ್ತೀಯಲ್ಲ’ ಎಂದವರು ಕಥೆಯ ಬಗ್ಗೆ ಏನನ್ನೂ ಹೇಳಿರಲಿಲ್ಲ. ನೋಡುವವಳಿಗೆ ಬುದ್ಧಿ ಕಡಿಮೆ ಎಂದಷ್ಟೇ ಹೇಳಿದ್ದರು.

ಒಬ್ಬ ಗೆಳತಿಯ ರುಚಿಯನ್ನು ಕೆಣಕುವುದು ಸ್ನೇಹದೊಳಗಿನ ದೊಡ್ಡ ಸುಖ. ಅದನ್ನು ಬಿಡಬೇಕೆಂದು ಯಾರೂ ಹೇಳಬೇಕಾಗಿಲ್ಲ. ಮಾತು ಯಾರ ಮೇಲೆ ಬೀಳುತ್ತಿದೆ ಎಂಬುದನ್ನು ನೋಡಿಕೊಂಡರೆ ಸಾಕು. ಅದಕ್ಕೆ ಧಾರಾವಾಹಿ ಹೇಗೆ ತಯಾರಾಗುತ್ತದೆ ಎಂಬುದು ಸ್ವಲ್ಪ ಗೊತ್ತಿರಬೇಕು.

ಹೆಚ್ಚಿನ ಧಾರಾವಾಹಿಗಳು ಸೋಮವಾರದಿಂದ ಶುಕ್ರವಾರದವರೆಗೆ, ದಿನಕ್ಕೆ ಅರ್ಧ ಗಂಟೆ ಬರುತ್ತವೆ. ಜಾಹೀರಾತು ಕಳೆದರೆ ಕಥೆಗೆ ಉಳಿಯುವುದು ಇಪ್ಪತ್ತು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು. ವಾರಕ್ಕೆ ಐದು ಕಂತು ಕೊಡಬೇಕಾದ ತಂಡಕ್ಕೆ ದಿನಕ್ಕೆ ಹೆಚ್ಚುಕಡಿಮೆ ಒಂದು ಕಂತಿನಷ್ಟು ಚಿತ್ರೀಕರಣ ಮುಗಿಸದೆ ಗತಿಯಿಲ್ಲ. ಆದ್ದರಿಂದ ಒಂದೇ ಮನೆ, ಒಂದೇ ನಡುಮನೆ, ಒಂದೇ ಮೆಟ್ಟಿಲು. ಒಂದು ಗುಟ್ಟು ಬಯಲಾದರೆ ಅಲ್ಲಿರುವ ಪ್ರತಿಯೊಬ್ಬರ ಮುಖವನ್ನೂ ಹತ್ತಿರದಿಂದ ತೋರಿಸುತ್ತಾರೆ, ಜೊತೆಗೆ ಸಿಡಿಲು ಬಡಿದಂಥ ಸದ್ದು. ನೋಡುವವರಲ್ಲಿ ಬಹಳ ಜನ ಆ ಹೊತ್ತಿಗೆ ಚಪಾತಿ ಲಟ್ಟಿಸುತ್ತಲೋ ಮಕ್ಕಳಿಗೆ ಹೋಂವರ್ಕ್ ಮಾಡಿಸುತ್ತಲೋ ಇರುತ್ತಾರೆ. ಕಣ್ಣು ಪರದೆಯ ಮೇಲೆ ಇರುವುದಿಲ್ಲ. ಆ ಸದ್ದು ಕೇಳಿದರೆ ತಲೆ ಎತ್ತಿ ನೋಡುತ್ತಾರೆ. ನಿನ್ನೆ ಆದದ್ದನ್ನು ಪಾತ್ರಗಳು ಇವತ್ತು ಮತ್ತೆ ಬಾಯಿಬಿಟ್ಟು ಹೇಳಿಕೊಳ್ಳುವುದೂ ಅದಕ್ಕೇ. ವಾರಕ್ಕೊಮ್ಮೆ ಟಿಆರ್‌ಪಿ ಬರುತ್ತದೆ. ಅಂಕಿ ಇಳಿದರೆ ಸತ್ತವರು ಎದ್ದು ಬರುತ್ತಾರೆ, ನೆನಪು ಹೋಗುತ್ತದೆ, ಎರಡು ಧಾರಾವಾಹಿಯ ಮನೆಯವರು ಒಂದೇ ಮದುವೆಯಲ್ಲಿ ಸೇರಿ ‘ಮಹಾಸಂಗಮ’ ನಡೆಯುತ್ತದೆ.

ಇದೆಲ್ಲ ನಿತ್ಯ ನೋಡುವವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಪಾತ್ರವೊಂದು ಆಸ್ಪತ್ರೆಗೆ ಹೊರಟರೆ ರಿಪೋರ್ಟ್ ಅದಲುಬದಲಾಗುತ್ತದೆಂದು ಮೊದಲೇ ಹೇಳಿಬಿಡುತ್ತಾರೆ. ಒಂದು ಧಾರಾವಾಹಿಯ ಕಟುವಾದ ವಿಮರ್ಶಕರು ಅದನ್ನು ತಪ್ಪದೆ ನೋಡುವವರೇ. ಹೊರಗಿನವರಿಗೆ ಇದು ತಿಳಿದಿರುವುದಿಲ್ಲ. ತಾವೇ ಮೊದಲು ಕಂಡುಹಿಡಿದೆವೆಂಬಂತೆ ದೋಷಗಳನ್ನು ಎತ್ತಿ ಆಡುತ್ತಾರೆ. ಗೆಳತಿಗೆ ಬೇಸರವಾಗುವುದು ಅಲ್ಲೇ.

ಒಂದು ಸಂದರ್ಭ ತೆಗೆದುಕೊಳ್ಳೋಣ. ಬ್ಯಾಂಕಿನಲ್ಲಿ ಕೆಲಸ ಮಾಡುವ ಇಬ್ಬರು ಗೆಳತಿಯರು ಮಧ್ಯಾಹ್ನ ಡಬ್ಬಿ ಬಿಚ್ಚಿ ಕೂತಿದ್ದಾರೆ. ಒಬ್ಬಳು ರಾತ್ರಿ ಎಂಟೂವರೆಯ ಧಾರಾವಾಹಿಯ ಕಥೆ ತೆಗೆಯುತ್ತಾಳೆ. ಇನ್ನೊಬ್ಬಳು, ‘ಎಂ.ಕಾಂ. ಓದಿದ್ದೀಯ, ನೀನೂ ಇದನ್ನ ನೋಡ್ತೀಯೇನೇ?’ ಎನ್ನುತ್ತಾಳೆ. ಈ ಮಾತಿಗೆ ಉತ್ತರವಿಲ್ಲ. ಹೌದೆಂದರೆ ಓದಿದ್ದು ದಂಡ, ಇಲ್ಲವೆಂದರೆ ಸುಳ್ಳು. ಅವಳು ಆ ಧಾರಾವಾಹಿಯನ್ನು ಅತ್ತೆಯ ಜೊತೆ ಕೂತು ನೋಡುತ್ತಿರಬಹುದು. ಇಡೀ ದಿನದಲ್ಲಿ ಅತ್ತೆ ಸೊಸೆ ಒಂದೇ ಕಡೆಗೆ ನಗುವುದು ಆ ಅರ್ಧ ಗಂಟೆ ಮಾತ್ರ ಇರಬಹುದು. ಹಾಗಿದ್ದರೆ ಅಡಿಯಾಡಿಕೊಂಡದ್ದು ಆ ಅರ್ಧ ಗಂಟೆಯನ್ನೂ ಆಯಿತು.

ಅದೇ ಗೆಳತಿ ಒಂದು ವಾರ ತಾನೂ ನೋಡಿ ಬಂದು ಹೀಗೆನ್ನಲಿ: ‘ಅಲ್ಲ ಕಣೇ, ಅತ್ತೆ ಕಪಾಳಕ್ಕೆ ಬಾರಿಸಿದ್ದು ಸೋಮವಾರ. ಮಾವ, ನಾದಿನಿ, ಅಡುಗೆಯವಳು, ಎಲ್ಲರ ಮುಖ ತೋರಿಸಿ ಮುಗಿಸೋ ಹೊತ್ತಿಗೆ ಬುಧವಾರ. ಅಷ್ಟರಲ್ಲಿ ಅವಳ ಕೆನ್ನೆ ಊತ ಇಳಿದೇ ಹೋಗಿರುತ್ತೆ!’ ಈಗ ಉತ್ತರ ತಾನಾಗಿ ಬರುತ್ತದೆ: ‘ಬುಧವಾರ ಎಲ್ಲಿ? ಗುರುವಾರ. ಬಾಗಿಲ ಹತ್ತಿರ ನಿಂತಿದ್ದ ವಾಚ್‌ಮನ್ ಮುಖ ಮರೆತೇಬಿಟ್ಟೆ ನೀನು.’ ಎರಡನೆಯ ಮಾತು ಮೊದಲನೆಯದಕ್ಕಿಂತ ಮೆದುವೇನೂ ಅಲ್ಲ, ಧಾರಾವಾಹಿಗೆ ಬಿದ್ದ ಏಟು ಇನ್ನೂ ಜೋರಾಗಿದೆ. ಆದರೆ ಮಾತು ಆಡಿದವಳು ನೋಡಿ ಬಂದಿದ್ದಾಳೆ, ಕೇಳಿದವಳಿಗೆ ತಿರುಗಿ ಹೇಳಲು ಜಾಗ ಸಿಕ್ಕಿದೆ, ಮತ್ತು ವಿಷಯದಲ್ಲಿ ಅವಳೇ ಹೆಚ್ಚು ಬಲ್ಲವಳೆಂಬುದು ಉಳಿದಿದೆ.

ನಮ್ಮ ಹಳ್ಳಿಯ ಮದುವೆಗಳ ಬೀಗರ ಹಾಡು ನಡೆಯುವುದೂ ಹೀಗೇ. ಹೆಣ್ಣಿನ ಕಡೆಯವರು ಬೀಗಿತ್ತಿಯ ಊಟ, ಉಡುಗೆ, ನಡಿಗೆ ಎಲ್ಲವನ್ನೂ ಹಾಡಿನಲ್ಲಿ ಎಳೆದಾಡುತ್ತಾರೆ. ಅವಳು ಎದುರಿಗೇ ಕೂತಿರುತ್ತಾಳೆ, ಬೆನ್ನ ಹಿಂದೆ ಹಾಡುವುದಿಲ್ಲ. ಯಾರೂ ನಿಜವೆಂದು ನಂಬದಷ್ಟು ಉತ್ಪ್ರೇಕ್ಷೆ ಮಾಡುತ್ತಾರೆ. ಆಮೇಲೆ ಗಂಡಿನ ಕಡೆಯವರು ಅದಕ್ಕೆ ಹಾಡಿನಲ್ಲೇ ಜವಾಬು ಕೊಡುತ್ತಾರೆ. ಈ ಮೂರರಲ್ಲಿ ಉತ್ಪ್ರೇಕ್ಷೆಯೇ ಮುಖ್ಯವೆಂದು ನನಗನ್ನಿಸುತ್ತದೆ. ‘ನಿನಗೆ ಬೇರೆ ಕೆಲಸ ಇಲ್ವಾ’ ಎಂಬ ಮಾತು ನಿಜವಿರಬಹುದೆಂಬಷ್ಟು ಸಣ್ಣದು, ಅದಕ್ಕೇ ಚುಚ್ಚುತ್ತದೆ. ‘ನಿಮ್ಮನೆ ಕರೆಂಟ್ ಹೋದ್ರೆ ಕೆಇಬಿಯವರಿಗಿಂತ ಮೊದಲು ನೀನೇ ಕಂಬ ಹತ್ತುತ್ತೀಯ’ ಎಂದರೆ ಕೇಳುವವಳಿಗೆ ಅದು ತಮಾಷೆಯೆಂದು ಬೇರೆ ಹೇಳಬೇಕಿಲ್ಲ.

ಮನಸ್ಸಿನೊಳಗಿನ ಒಳ್ಳೆಯ ಉದ್ದೇಶ ಎದುರಿನವರಿಗೆ ಕಾಣುವುದಿಲ್ಲ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಜಸ್ಟಿನ್ ಕ್ರೂಗರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ. ಒಂದೇ ಕೀಟಲೆ ಮಾಡಿದವರಿಗೆ ನಿರುಪದ್ರವಿಯಾಗಿ, ಮಾಡಿಸಿಕೊಂಡವರಿಗೆ ಹೆಚ್ಚು ನೋವಿನದಾಗಿ ಕಂಡಿತ್ತು. ‘ತಮಾಷೆಗೆ ಅಂದೆ’ ಎಂಬ ಸಮಜಾಯಿಷಿ ಸಾಲದಿರುವುದು ಇದಕ್ಕೇ. ವಾಟ್ಸ್ಆ್ಯಪ್ ಗುಂಪಿನಲ್ಲಿ ಕಷ್ಟ ಇನ್ನೂ ಹೆಚ್ಚು: ಅಲ್ಲಿ ದನಿಯಿಲ್ಲ, ಮುಖವಿಲ್ಲ, ನೋಡುವವರು ಮಾತ್ರ ನಲವತ್ತು ಜನ. ಇಬ್ಬರೇ ಇದ್ದಾಗ ನಗಿಸಿದ ಮಾತು ಅವಳ ಗಂಡನ ಎದುರಿಗೆ, ಮೇಲಧಿಕಾರಿಯ ಎದುರಿಗೆ ಅವಮಾನವಾಗುತ್ತದೆ.

ಮಾತು ತಪ್ಪಿದ್ದು ಗೊತ್ತಾಗುವುದು ಸಿಟ್ಟಿನಿಂದಲ್ಲ. ಅವಳೂ ನಗುತ್ತಾಳೆ. ಆಮೇಲೆ ‘ನಾನೆಲ್ಲಿ ನೋಡ್ತೀನಿ, ಅತ್ತೆ ಹಾಕಿರ್ತಾರೆ, ಕಿವಿಗೆ ಬೀಳುತ್ತೆ’ ಎಂದು ಕಾರಣ ಕೊಡುತ್ತಾಳೆ. ಮುಂದಿನ ವಾರದಿಂದ ಆ ಧಾರಾವಾಹಿಯ ಸುದ್ದಿಯೇ ಎತ್ತುವುದಿಲ್ಲ. ಹಾಗಾದಾಗ ‘ಬೇಜಾರಾಯ್ತಾ’ ಎಂದು ಕೇಳಿದರೆ ಇಲ್ಲವೆಂದೇ ಹೇಳುತ್ತಾಳೆ. ಅದಕ್ಕಿಂತ ‘ಆ ನೆನಪು ಹೋದವಳಿಗೆ ಏನಾಯ್ತೇ?’ ಎಂದು ಕೇಳಿ, ಅವಳು ಹೇಳಿ ಮುಗಿಸುವವರೆಗೆ ಸುಮ್ಮನೆ ಕೇಳಿಸಿಕೊಳ್ಳುವುದು ಮೇಲು.

ಹಾಡಿನ ವಿಷಯದಲ್ಲಿ ಇನ್ನೂ ಸ್ವಲ್ಪ ಜೋಪಾನ ಬೇಕು. ಹದಿಹರೆಯದಲ್ಲಿ ಕೇಳಿದ ಹಾಡುಗಳು ಜೀವನವಿಡೀ ಅಂಟಿಕೊಂಡಿರುತ್ತವೆ. 1987ರ ‘ಪ್ರೇಮಲೋಕ’ವನ್ನು ಹದಿನೇಳನೆಯ ವಯಸ್ಸಿನಲ್ಲಿ ಕ್ಯಾಸೆಟ್ ಸವೆಯುವಷ್ಟು ಕೇಳಿದವನಿಗೆ ಹಂಸಲೇಖ ಎಂದರೆ ಸಂಗೀತವೂ ಹೌದು, ಅವನ ಪಿಯುಸಿಯೂ ಹೌದು, ಹೇಳದೆ ಉಳಿದ ಒಂದು ಮಾತೂ ಇರಬಹುದು. ರವಿಚಂದ್ರನ್ ಹಾಡುಗಳಲ್ಲಿ ಉರುಳುವ ಹಣ್ಣುಗಳನ್ನು ಎಷ್ಟು ಬೇಕಾದರೂ ಆಡಿಕೊಳ್ಳಿ, ಅಭಿಮಾನಿಗಳೇ ಅದನ್ನು ಮೊದಲು ಹೇಳಿ ನಗುತ್ತಾರೆ. ಹಾಡು ಕೇಳುತ್ತ ಅವನು ಕಣ್ಣು ಮುಚ್ಚಿಕೊಂಡಿದ್ದರೆ ಆ ಹೊತ್ತಿಗೆ ಬಾಯಿ ಹಾಕಬೇಡಿ.

ಗೆಳತಿಯ ಧಾರಾವಾಹಿಯನ್ನು ಕೆಣಕಲೇಬೇಕೆಂದಿದ್ದರೆ ಮೊದಲು ಒಂದು ವಾರ, ಸೋಮವಾರದಿಂದ ಶುಕ್ರವಾರದವರೆಗೆ, ಅದನ್ನು ಪೂರ್ತಿ ನೋಡಿ. ಸಾಧ್ಯವಾದರೆ ಅವಳ ಮನೆಗೇ ಹೋಗಿ, ಅವಳ ಅತ್ತೆಯ ಪಕ್ಕದಲ್ಲಿ ಕೂತು ನೋಡಿ.