19 ಬಂದವರು 18 ಬಂದವರಿಗಿಂತ ಮೇಲೇ?

ಅರಸೀಕೆರೆ ತಾಲ್ಲೂಕಿನ ಗಂಡಸಿ ಹೋಬಳಿ ಕೊಬ್ಬರಿಯ ಸೀಮೆ. ಇಲ್ಲಿನ ಒಂದು ರೈತ ಉತ್ಪಾದಕ ಕಂಪನಿಗೆ ಲೆಕ್ಕಿಗರು ಬೇಕಾಗಿದ್ದಾರೆ ಎಂದಿಟ್ಟುಕೊಳ್ಳೋಣ. ಜರಡಿ ಹಿಡಿದ ಮೇಲೆ ಎರಡು ಬಯೋಡೇಟಾ ಉಳಿದಿವೆ. ‘ಅ’ ಎಂಬುವರು ಎಂ.ಕಾಂ., ಬೆಂಗಳೂರಿನಲ್ಲಿ 8 ವರ್ಷ ಕೆಲಸ ಮಾಡಿದವರು. ‘ಆ’ ಎಂಬುವರು ಪಿಯುಸಿ ವಾಣಿಜ್ಯ ಓದಿ, ಅರಸೀಕೆರೆಯ ಕೊಬ್ಬರಿ ಮಂಡಿಯೊಂದರಲ್ಲಿ 3 ವರ್ಷ ಲೆಕ್ಕ ಬರೆದವರು.

ನಂಬಿಕೆ: ಹೆಚ್ಚು ಓದಿದವರಿಗೆ, ಹೆಚ್ಚು ವರ್ಷ ದುಡಿದವರಿಗೆ ಹೆಚ್ಚು ಅಂಕ.

ಹುದ್ದೆಯ ವಿವರ ಏನು ಕೇಳಿದೆಯೋ ಅದಕ್ಕಷ್ಟೇ ಅಂಕ. 2020ರಲ್ಲಿ ಶುರುವಾದ ಕೇಂದ್ರದ 10,000 ರೈತ ಉತ್ಪಾದಕ ಸಂಸ್ಥೆಗಳ ಯೋಜನೆ ಲೆಕ್ಕಿಗರಿಗೆ ಕೇಳುವುದು ಗಣಿತ ಇರುವ ಪಿಯುಸಿ, ಇಲ್ಲವೇ ವಾಣಿಜ್ಯ ಅಥವಾ ಲೆಕ್ಕಶಾಸ್ತ್ರದ ಹಿನ್ನೆಲೆ. ಅದು ಹೊಸ್ತಿಲು, ಇಬ್ಬರೂ ದಾಟಿದ್ದಾರೆ. ದಾಟಿದ ಮೇಲೆ ಎಂ.ಕಾಂ.ಗೆ ಬೇರೆ ಅಂಕವಿಲ್ಲ. ಇದು ಓದಿದವರ ಮೇಲಿನ ಸಿಟ್ಟಲ್ಲ. ದಶಕಗಳ ಅಧ್ಯಯನಗಳನ್ನು ಒಟ್ಟು ಹಾಕಿ 1998ರಲ್ಲಿ ಷ್ಮಿಟ್ ಮತ್ತು ಹಂಟರ್ ಎಂಬ ಮನಶ್ಶಾಸ್ತ್ರಜ್ಞರು ನೋಡಿದಾಗ, ಓದಿದ ವರ್ಷಗಳಿಗೂ ದುಡಿದ ವರ್ಷಗಳಿಗೂ ಮುಂದಿನ ಕೆಲಸದ ಗುಣಮಟ್ಟಕ್ಕೂ ಇದ್ದ ನಂಟು ತೀರ ತೆಳುವಾಗಿತ್ತು.

ಹಾಗಾದರೆ ಅಂಕ ಯಾವುದಕ್ಕೆ? ಈ ಕಂಪನಿಯ ಹುದ್ದೆಯ ವಿವರದಲ್ಲಿ ನಾಲ್ಕು ಕೆಲಸಗಳಿವೆ: ಟ್ಯಾಲಿಯಲ್ಲಿ ದಿನದ ಲೆಕ್ಕ ಮತ್ತು ಬ್ಯಾಂಕ್ ತಾಳೆ, ಜಿಎಸ್‌ಟಿ ರಿಟರ್ನ್, ಕೊಬ್ಬರಿಯ ದಾಸ್ತಾನು ಪುಸ್ತಕ, ಕನ್ನಡದಲ್ಲಿ ಸಭೆಯ ನಡಾವಳಿ. ಇವುಗಳ ತೂಕ ಕ್ರಮವಾಗಿ 4, 3, 2, 1. ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ. ಬಯೋಡೇಟಾದಲ್ಲಿ ಪ್ರಸ್ತಾಪವೇ ಇಲ್ಲದಿದ್ದರೆ 0, ‘ಬರುತ್ತದೆ’ ಎಂದಷ್ಟೇ ಇದ್ದರೆ 1, ಎಲ್ಲಿ ಎಷ್ಟು ದಿನ ಮಾಡಿದರು ಎಂದಿದ್ದರೆ 2, ವಿಚಾರಿಸಿ ನೋಡಬಹುದಾದ ಪ್ರಮಾಣವೂ ಇದ್ದರೆ 3.

‘ಅ’ ಅವರಿಗೆ 3, 2, 0, 1. ತೂಕದಿಂದ ಗುಣಿಸಿ ಕೂಡಿದರೆ 12, 6, 0, 1 ಸೇರಿ 19. ‘ಆ’ ಅವರಿಗೆ 2, 1, 3, 1. ಅಂದರೆ 8, 3, 6, 1 ಸೇರಿ 18.

ಅಂಕ ಹಾಕುವ ಕ್ರಮವೂ ಮುಖ್ಯ. ಒಂದು ಬಯೋಡೇಟಾ ಪೂರ್ತಿ ಮುಗಿಸಿ ಇನ್ನೊಂದನ್ನು ಎತ್ತಿಕೊಂಡರೆ, ಮೊದಲ ಸಾಲಿನಲ್ಲಿ ಹುಟ್ಟಿದ ಮೆಚ್ಚುಗೆ ಕೊನೆಯ ಸಾಲಿನವರೆಗೂ ಹರಿಯುತ್ತದೆ. ಮನಶ್ಶಾಸ್ತ್ರಜ್ಞ ಥಾರ್ನ್‌ಡೈಕ್ ಇದನ್ನು 1920ರಲ್ಲೇ ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳಲ್ಲಿ ತೋರಿಸಿದ್ದರು. ಆದ್ದರಿಂದ ಟ್ಯಾಲಿ ಸಾಲನ್ನು ಇಬ್ಬರಿಗೂ ಹಾಕಿ, ಆಮೇಲೆ ಜಿಎಸ್‌ಟಿಗೆ ಹೋಗಬೇಕು. ಅಂಕದ ಪಕ್ಕದ ಟಿಪ್ಪಣಿಯಲ್ಲಿ ಅದಕ್ಕೆ ಕಾರಣವಾದ ಬಯೋಡೇಟಾದ ಮಾತನ್ನೇ ಬರೆಯಬೇಕು. ‘ಚುರುಕು ಕಾಣುತ್ತಾರೆ’ ಎಂಬುದು ಕಾರಣವಲ್ಲ.

ನಂಬಿಕೆ: 19 ಬಂದವರು ಗೆದ್ದರು.

ಇದೇ ಎಲ್ಲಕ್ಕಿಂತ ಗಟ್ಟಿಯಾಗಿ ಕೂತಿರುವ ತಪ್ಪು. ಜಿಎಸ್‌ಟಿಯ ತೂಕವನ್ನು 2ಕ್ಕೆ ಇಳಿಸಿ, ದಾಸ್ತಾನಿನದನ್ನು 3ಕ್ಕೆ ಏರಿಸಿ ನೋಡಿ. ‘ಅ’ 17, ‘ಆ’ 20! ಬಯೋಡೇಟಾದ ಒಂದಕ್ಷರವೂ ಬದಲಾಗಿಲ್ಲ. ತೂಕವನ್ನು ಅರ್ಜಿ ತೆರೆಯುವ ಮುಂಚೆಯೇ ಬರೆದು ದಿನಾಂಕ ಹಾಕಿ ಇಡಬೇಕು ಎನ್ನುವುದು ಇದಕ್ಕೇ. ಚೀಲ ನೋಡಿದ ಮೇಲೆ ಬಟ್ಟು ಬದಲಿಸುವ ವ್ಯಾಪಾರಿಯನ್ನು ಮಂಡಿಯಲ್ಲಿ ಯಾರೂ ಸುಮ್ಮನೆ ಬಿಡುವುದಿಲ್ಲ.

ಇನ್ನು ‘ಅ’ ಅವರ ಆ ಸೊನ್ನೆ. ದಾಸ್ತಾನು ಪುಸ್ತಕ ಬರುವುದಿಲ್ಲ ಎಂದು ಅದರ ಅರ್ಥವಲ್ಲ, ಬರೆದಿಲ್ಲ ಎಂದಷ್ಟೇ. ಬೆಂಗಳೂರಿನ ಕಚೇರಿಗೆಂದು ಸಿದ್ಧಪಡಿಸಿದ ಬಯೋಡೇಟಾದಲ್ಲಿ ಅದಕ್ಕೆ ಜಾಗವೂ ಇರಲಿಕ್ಕಿಲ್ಲ. ಅಂಥ ಸೊನ್ನೆಗೆ ಸುತ್ತು ಹಾಕಿ ಟಿಪ್ಪಣಿಯಲ್ಲಿ ‘ಕೇಳಬೇಕು’ ಎಂದು ಬರೆಯುವುದು ಸರಿ. ಅದು 1 ಆದರೂ ‘ಅ’ 21 ಆಗುತ್ತಾರೆ. ಒಂದು ಸಾಲು ಒಂದು ಮೆಟ್ಟಿಲು ಸರಿದರೆ ಒಟ್ಟು ಅಂಕ 1ರಿಂದ 4ರವರೆಗೆ ಆಚೀಚೆ ಆಗುವ ಕಡೆ 19ಕ್ಕೂ 18ಕ್ಕೂ ನಡುವಿನ ಅಂತರ ಏನನ್ನೂ ಹೇಳುವುದಿಲ್ಲ.

ನಂಬಿಕೆ: ಅಂಕ ಹಾಕಿದ ಮೇಲೆ ಸಂದರ್ಶನ ಬರೀ ಮಾತುಕತೆ.

ಟಿಪ್ಪಣಿಯ ನಿಜವಾದ ಉಪಯೋಗ ಏನು ಕೇಳಬೇಕೆಂದು ತೋರಿಸುವುದರಲ್ಲಿದೆ. ‘ಅ’ ಅವರಿಗೆ: ರೈತರೊಬ್ಬರು ತಂದ ಚೀಲಗಳಲ್ಲಿ ಎರಡು ಹಸಿಯೆಂದು ವಾಪಸಾದರೆ ಖರೀದಿ ಚೀಟಿಯಲ್ಲಿ, ದಾಸ್ತಾನಿನಲ್ಲಿ ಹೇಗೆ ಬರೆಯುತ್ತೀರಿ? ‘ಆ’ ಅವರಿಗೆ: ತಿಂಗಳ ರಿಟರ್ನನ್ನು ಮುಂದಿನ ತಿಂಗಳ 20ರೊಳಗೆ ಸಲ್ಲಿಸುತ್ತಿದ್ದವರು ನೀವೋ, ಆಡಿಟರೋ?

ಆಮೇಲೆ ಇಬ್ಬರಿಗೂ ಒಂದೇ ಅರ್ಧ ಗಂಟೆಯ ಕೆಲಸ: ಒಂದು ಪುಟ ನಗದು ಪುಸ್ತಕ, ಒಂದು ಪುಟ ಪಾಸ್‌ಬುಕ್. ನಗದು ಪುಸ್ತಕದಲ್ಲಿ 5,400ರ ಚೆಕ್ಕನ್ನು ಬೇಕೆಂದೇ 4,500 ಎಂದು ಬರೆದಿರಬೇಕು. ವ್ಯತ್ಯಾಸ 900. ಲೆಕ್ಕದಲ್ಲಿ ಪಳಗಿದವರು ಅದನ್ನು 9ರಿಂದ ಭಾಗಿಸಿ ನೋಡುತ್ತಾರೆ. ಶೇಷ ಉಳಿಯದಿದ್ದರೆ ಅಂಕಿಗಳು ಅದಲುಬದಲಾಗಿರಬಹುದೆಂದು ಅಲ್ಲೇ ಹುಡುಕುತ್ತಾರೆ. ಮಿಕ್ಕವರು ಮೇಲಿನಿಂದ ಮತ್ತೆ ಕೂಡಲು ಕೂರುತ್ತಾರೆ.