ಇಲ್ಲದ್ದಕ್ಕೆ ಷಷ್ಠಿ: ರಷ್ಯನ್ ವ್ಯಾಕರಣದ ಒಂದು ಪಟ್ಟು

ಕೆಫೀರ್ ಎಂದರೆ ರಷ್ಯನ್ನರ ಮನೆಗಳಲ್ಲಿ ನಿತ್ಯವೂ ಇರುವ ಹುಳಿ ಹಾಲು. ಅಂಗಡಿಯಲ್ಲಿ ಅದು ಇದ್ದರೆ ‘ಯೆಸ್ತ್ ಕೆಫೀರ್’ ಎನ್ನುತ್ತಾರೆ, ಕೆಫೀರ್ ಇದೆ ಎಂದರ್ಥ. ಖಾಲಿಯಾಗಿದ್ದರೆ ಹೇಳುವ ಮಾತು ‘ಕೆಫೀರ ನ್ಯೆತ್’. ನ್ಯೆತ್ ಎಂದರೆ ಇಲ್ಲ. ಆದರೆ ಅದರ ಹಿಂದಿನ ಪದದ ಕೊನೆಯೂ ಬದಲಾಗಿದೆ: ‘ರ್’ ಇದ್ದದ್ದು ‘ರ’ ಆಗಿದೆ. ಅದು ಷಷ್ಠಿ ವಿಭಕ್ತಿಯ ರೂಪ. ಅಕ್ಷರಶಃ ಕನ್ನಡಕ್ಕೆ ತಂದರೆ ‘ಕೆಫೀರಿನ ಇಲ್ಲ’ ಎಂದಾಗುತ್ತದೆ. ಹಾಲು ಇದ್ದರೆ ‘ಮಲಕೋ’, ಇಲ್ಲದಿದ್ದರೆ ‘ಮಲಕಾ’. ಪುಸ್ತಕ ಇದ್ದರೆ ‘ಕ್ನೀಗಾ’, ಇಲ್ಲದಿದ್ದರೆ ‘ಕ್ನೀಗಿ’.

ಬದಲಾವಣೆ ನಾಮಪದಕ್ಕೇ ನಿಲ್ಲುವುದಿಲ್ಲ. ರಷ್ಯನ್ನಿನಲ್ಲಿ ಭೂತಕಾಲದ ಕ್ರಿಯಾಪದ ಕರ್ತೃವಿನ ಲಿಂಗ, ವಚನಗಳನ್ನು ಅನುಸರಿಸುತ್ತದೆ. ಮಾಶಾ ಎಂಬ ಹುಡುಗಿ ಮನೆಯಲ್ಲಿದ್ದಳು ಎನ್ನುವಾಗ ಕ್ರಿಯಾಪದ ‘ಬಿಲಾ’, ಸ್ತ್ರೀಲಿಂಗ. ಅವಳು ಮನೆಯಲ್ಲಿರಲಿಲ್ಲ ಎಂದರೆ ‘ಮಾಶಿ ನ್ಯೆ ಬಿಲೋ ದೋಮಾ’. ಮಾಶಾ ಷಷ್ಠಿಗೆ ಇಳಿದು ‘ಮಾಶಿ’ ಆದಳು, ಕ್ರಿಯಾಪದ ನಪುಂಸಕ ಏಕವಚನಕ್ಕೆ ಹೋಯಿತು. ಹತ್ತು ಜನ ಇರಲಿಲ್ಲ ಎಂದರೂ ಅದೇ ‘ಬಿಲೋ’. ಎಂದರೆ, ಇಲ್ಲದವರು ಆ ವಾಕ್ಯಕ್ಕೆ ಕರ್ತೃವಾಗುವುದೇ ಇಲ್ಲ. ಕನ್ನಡದ ‘ಇಲ್ಲ’ ಕೂಡ ಲಿಂಗ, ವಚನ ನೋಡುವುದಿಲ್ಲ ನಿಜ, ಆದರೆ ನಮ್ಮಲ್ಲಿ ‘ಮಾಶಾ ಇಲ್ಲ’ ಎಂದಾಗ ಮಾಶಾ ಪ್ರಥಮಾ ವಿಭಕ್ತಿಯಲ್ಲೇ ಉಳಿಯುತ್ತಾಳೆ.

ನಿಷೇಧವೆಂದರೆ ಎಲ್ಲ ಕಡೆಯೂ ಷಷ್ಠಿಯೇ ಎಂದುಕೊಳ್ಳಬಾರದು. ‘ಎತೊ ನ್ಯೆ ಕ್ನೀಗಾ’ ಎಂಬಲ್ಲಿ ಪುಸ್ತಕ ಪ್ರಥಮೆಯಲ್ಲೇ ಇದೆ, ಏಕೆಂದರೆ ಅದರ ಅರ್ಥ ‘ಇದು ಪುಸ್ತಕ ಅಲ್ಲ’. ಇಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ವಸ್ತು ಅಲ್ಲಿ ಇದೆಯೋ ಎಂಬ ಪ್ರಶ್ನೆಗೆ ನಾವು ‘ಇಲ್ಲ’ ಎನ್ನುತ್ತೇವೆ, ಅದು ಇದೇ ವಸ್ತುವೋ ಎಂಬ ಪ್ರಶ್ನೆಗೆ ‘ಅಲ್ಲ’ ಎನ್ನುತ್ತೇವೆ. ನಾವು ನಾಮಪದದ ಮುಂದೆ ‘ಇಲ್ಲ’ ಇಡುವಲ್ಲಿ ರಷ್ಯನ್ನರು ಷಷ್ಠಿ ಹಾಕುತ್ತಾರೆ. ‘ಅಲ್ಲ’ ಇಡುವಲ್ಲಿ ಸಾಮಾನ್ಯವಾಗಿ ಹಾಕುವುದಿಲ್ಲ.

ಇಷ್ಟಕ್ಕೂ ಷಷ್ಠಿಯೇ ಯಾಕೆ? ಉತ್ತರ ಆ ವಿಭಕ್ತಿಯ ಹಳೆಯ ಚರಿತ್ರೆಯಲ್ಲಿದೆ. ಸಂಸ್ಕೃತದಲ್ಲಿ ತೋಳ ‘ವೃಕ’, ತೋಳದಿಂದ ಎಂದರೆ ‘ವೃಕಾತ್’, ಅದು ಪಂಚಮಿ. ರಷ್ಯನ್ನಿನಲ್ಲಿ ತೋಳ ‘ವೋಲ್ಕ್’, ಅದರ ಷಷ್ಠಿ ‘ವೋಲ್ಕ’. ಎರಡು ಪದಗಳೂ ಒಂದೇ ಮೂಲದವು. ರಷ್ಯನ್ ಷಷ್ಠಿಯ ಆ ‘ಅ’ಕಾರ ‘ವೃಕಾತ್’ನ ಕೊನೆಯಲ್ಲಿರುವ ‘ಆತ್’ಗೆ ಬಂಧು ಎಂಬುದು ಭಾಷಾಚರಿತ್ರೆಕಾರರ ಒಪ್ಪಿತ ವಿವರಣೆ. ಸ್ಲಾವಿಕ್ ಭಾಷೆಗಳಲ್ಲಿ ಪಂಚಮಿ ಪ್ರತ್ಯೇಕವಾಗಿ ಉಳಿಯದೆ ಷಷ್ಠಿಯೊಳಗೆ ಸೇರಿಹೋಯಿತು. ಹಾಗಾಗಿ ರಷ್ಯನ್ ಷಷ್ಠಿಗೆ ‘ಅದರ’ ಎಂಬ ಅರ್ಥದ ಜೊತೆಗೆ ‘ಅದರಿಂದ’, ‘ಅದರಲ್ಲಿ ಒಂದಿಷ್ಟು’ ಎಂಬ ಅರ್ಥಗಳೂ ಇವೆ.

ಈ ‘ಒಂದಿಷ್ಟು’ ಇಂದಿಗೂ ಜೀವಂತ. ಲೋಟದಲ್ಲಿದ್ದ ಆ ನೀರನ್ನು ಕುಡಿದು ಮುಗಿಸಿದರೆ ನೀರು ದ್ವಿತೀಯೆಯಲ್ಲಿ, ‘ವೋದು’. ಸ್ವಲ್ಪ ನೀರು ಕುಡಿದರೆ ಷಷ್ಠಿಯಲ್ಲಿ, ‘ವದೀ’. ನಿಷೇಧ ಹುಟ್ಟಿಕೊಂಡದ್ದು ಈ ದಾರಿಯಲ್ಲೇ ಎಂದು ಸಾಮಾನ್ಯವಾಗಿ ವಿವರಿಸುತ್ತಾರೆ. ನೀರು ಇಲ್ಲ ಎಂದರೆ ನೀರಿನಲ್ಲಿ ಒಂದಂಶವೂ ಇಲ್ಲ. ಅಂಶ ಹೇಳುವ ವಿಭಕ್ತಿಯೇ ಅಂಶವೂ ಇಲ್ಲ ಎನ್ನಲು ಒದಗಿತು. ಸಕ್ಕರೆ ಇಲ್ಲದೆ, ನಾಯಿಗೆ ಹೆದರಿ ಎನ್ನುವಾಗಲೂ ರಷ್ಯನ್ನರು ಷಷ್ಠಿಯನ್ನೇ ಬಳಸುತ್ತಾರೆ. ಭಾಷಾವಿಜ್ಞಾನಿ ರೋಮಾನ್ ಯಾಕಬ್‌ಸನ್ 1936ರಲ್ಲಿ ವಿಭಕ್ತಿಗಳ ಕುರಿತು ಬರೆದ ಪ್ರಬಂಧದಲ್ಲಿ ಇವೆಲ್ಲವನ್ನೂ ಒಂದೇ ಸೂತ್ರಕ್ಕೆ ಪೋಣಿಸಿದರು. ಹೇಳುತ್ತಿರುವ ಸಂಗತಿಯಲ್ಲಿ ವಸ್ತು ಪೂರ್ತಿಯಾಗಿ ಪಾಲ್ಗೊಂಡಿಲ್ಲ, ಅದರ ಪಾಲು ಎಷ್ಟಕ್ಕೋ ಸೀಮಿತ ಎಂಬುದನ್ನು ಷಷ್ಠಿ ಸೂಚಿಸುತ್ತದೆ ಎಂಬುದು ಅವರ ವಾದ. ‘ಇಲ್ಲ’ ಎಂದಾಗ ಆ ಪಾಲು ಸೊನ್ನೆಗೆ ಇಳಿಯುತ್ತದೆ.

ನಿಜವಾದ ಸ್ವಾರಸ್ಯ ಎರಡೂ ವಿಭಕ್ತಿಗಳು ಸಾಧ್ಯವಿರುವ ಕಡೆ ಕಾಣುತ್ತದೆ. ‘ಅತ್ವೇತ್’ ಎಂದರೆ ಉತ್ತರ. ‘ಅತ್ವೇತ್ ನ್ಯೆ ಪ್ರಿಶೋಲ್’ ಎಂದು ಪ್ರಥಮೆಯಲ್ಲಿ ಹೇಳಿದರೆ, ಕಾಯುತ್ತಿದ್ದ ಆ ಉತ್ತರ ಬಂದು ತಲುಪಲಿಲ್ಲ ಎಂದಾಗುತ್ತದೆ. ಉತ್ತರ ಬರೆದಿರಬಹುದು, ದಾರಿಯಲ್ಲಿರಬಹುದು. ‘ಅತ್ವೇತ ನ್ಯೆ ಪ್ರಿಶ್ಲೋ’ ಎಂದು ಷಷ್ಠಿಯಲ್ಲಿ ಹೇಳಿದರೆ, ಯಾವ ಉತ್ತರವೂ ಬರಲಿಲ್ಲ. ಅಂಥದ್ದೊಂದು ಇದೆ ಎಂಬ ಭರವಸೆಯೂ ಆ ಮಾತಿನಲ್ಲಿಲ್ಲ.

ಇನ್ನೊಂದು ಜೋಡಿಯನ್ನು ರಷ್ಯದ ಭಾಷಾವಿಜ್ಞಾನಿ ಯೆಲೆನಾ ಪಾದುಚೆವಾ ವಿವರವಾಗಿ ಪರಿಶೀಲಿಸಿದ್ದಾರೆ. ‘ಅತೇತ್ಸ್ ನ್ಯೆ ಬಿಲ್ ನಾ ಮೋರೆ’ ಎಂದರೆ ಅಪ್ಪ ಸಮುದ್ರಕ್ಕೆ ಹೋಗಿಲ್ಲ. ಅದು ಅಪ್ಪನ ಕುರಿತ ಮಾತು. ‘ಅತ್ಸಾ ನ್ಯೆ ಬಿಲೋ ನಾ ಮೋರೆ’ ಎಂದರೆ ಆ ಹೊತ್ತಿಗೆ ಸಮುದ್ರದ ಬಳಿ ಅಪ್ಪ ಇರಲಿಲ್ಲ. ಅಲ್ಲಿ ನಿಂತು ಹುಡುಕಿದ ಯಾರೋ ಒಬ್ಬರ ಕಣ್ಣು ಆ ವಾಕ್ಯದ ಹಿಂದಿದೆ. ಅಪ್ಪ ಬೇರೆಲ್ಲೋ ಇದ್ದೇ ಇದ್ದಾರೆ. ಹಾಗಾಗಿ ಷಷ್ಠಿ ನಿರಾಕರಿಸುವುದು ಅಪ್ಪನ ಅಸ್ತಿತ್ವವನ್ನಲ್ಲ, ಆ ಜಾಗದಲ್ಲಿ ಅವರ ಇರವನ್ನು. ವ್ಲಾದಿಮಿರ್ ಬೋರ್ಷೆವ್ ಮತ್ತು ಬಾರ್ಬರಾ ಪಾರ್ಟಿ ಇದನ್ನೇ ದೃಷ್ಟಿಕೋನದ ಪ್ರಶ್ನೆಯೆಂದು ವಿವರಿಸಿದರು: ವ್ಯಕ್ತಿಯನ್ನು ಹಿಂಬಾಲಿಸಿ ನೋಡಿದರೆ ಪ್ರಥಮೆ, ಜಾಗವನ್ನು ನೋಡುತ್ತ ಅಲ್ಲಿ ಏನಿದೆ ಎಂದು ಎಣಿಸಿದರೆ ಷಷ್ಠಿ. ಕೆಫೀರ್ ತಾನಾಗಿ ಅಂಗಡಿಗಳಿಗೆ ಹೋಗಿಬರುವುದಿಲ್ಲ. ಆದ್ದರಿಂದ ‘ಕೆಫೀರ್ ಅಂಗಡಿಗೆ ಹೋಗಿರಲಿಲ್ಲ’ ಎಂಬ ಧಾಟಿಯ ಪ್ರಥಮೆಯ ವಾಕ್ಯ ರಷ್ಯನ್ನರ ಕಿವಿಗೆ ವಿಚಿತ್ರವಾಗಿ ಕೇಳುತ್ತದೆ.

ಈ ಷಷ್ಠಿಯನ್ನು ಎಲ್ಲ ಕ್ರಿಯಾಪದಗಳೂ ಒಪ್ಪುವುದಿಲ್ಲ. ‘ಇಲ್ಲಿ ಅಣಬೆ ಬೆಳೆಯುವುದಿಲ್ಲ’ ಎಂಬಲ್ಲಿ ಅಣಬೆ ಷಷ್ಠಿಗೆ ಹೋಗಬಹುದು, ಏಕೆಂದರೆ ಅಲ್ಲಿ ಬೆಳೆಯುವುದು ಎಂದರೆ ಇರುವುದು ಎಂದಷ್ಟೇ. ‘ಮಕ್ಕಳು ಕುಣಿಯುತ್ತಿಲ್ಲ’ ಎಂಬಲ್ಲಿ ಮಕ್ಕಳು ಹೋಗಲಾರರು. ಅವರು ಇದ್ದಾರೆ, ಕುಣಿಯುತ್ತಿಲ್ಲ ಅಷ್ಟೆ.

ಕರ್ಮಪದದ ವಿಷಯದಲ್ಲಿ ಜಗಳ ಹಳೆಯದು. ನಿಷೇಧವಿದ್ದರೆ ದ್ವಿತೀಯೆ ಹೋಗಿ ಷಷ್ಠಿ ಬರಲೇಬೇಕು ಎಂದು ಹಳೆಯ ವ್ಯಾಕರಣಗಳು ಹೇಳುತ್ತಿದ್ದವು. ಪುಷ್ಕಿನ್ ಒಂದು ಸಾಲಿನಲ್ಲಿ ‘ಎರಡು ಶತಮಾನಗಳನ್ನು’ ಎಂದು ದ್ವಿತೀಯೆ ಬಳಸಿದ್ದಕ್ಕೆ ವಿಮರ್ಶಕರು ತಪ್ಪು ಹಿಡಿದರು. 1830ರಲ್ಲಿ ಬರೆದ ಟಿಪ್ಪಣಿಯಲ್ಲಿ ಅವರು ಕೊಟ್ಟ ಸಮಜಾಯಿಷಿ ಹೀಗಿದೆ: ತನ್ನ ವಾಕ್ಯದಲ್ಲಿ ನಿಷೇಧ ಅಂಟಿರುವುದು ‘ಬಯಸು’ ಎಂಬ ಕ್ರಿಯೆಗೆ, ಕರ್ಮವಿರುವುದು ಅದರಾಚೆಯ ಇನ್ನೊಂದು ಕ್ರಿಯೆಗೆ, ನಿಷೇಧದ ವಿದ್ಯುತ್ತು ಕ್ರಿಯಾಪದಗಳ ಸರಪಳಿಯನ್ನೆಲ್ಲ ದಾಟಿ ನಾಮಪದವನ್ನು ಮುಟ್ಟಬೇಕೇ?

ಅಲ್ಲಿಂದೀಚೆಗೆ ಬಳಕೆ ಪುಷ್ಕಿನ್ ಕಡೆಗೇ, ಅದನ್ನೂ ಮೀರಿ ವಾಲಿದೆ. ಇಂದಿನ ಮಾತಿನಲ್ಲಿ ಗೊತ್ತಿರುವ, ನಿರ್ದಿಷ್ಟ ಕರ್ಮಕ್ಕೆ ದ್ವಿತೀಯೆಯೇ ಸಹಜ. ‘ಮಾಶಾಳನ್ನು ನಾನು ನೋಡಲಿಲ್ಲ’ ಎನ್ನುವವರು ‘ಮಾಶು’ ಎಂದೇ ಹೇಳುತ್ತಾರೆ. ಅಮೂರ್ತ ಸಂಗತಿಗಳಲ್ಲಿ, ಬಿಗಿದು ನಿಂತ ನುಡಿಗಟ್ಟುಗಳಲ್ಲಿ ಷಷ್ಠಿ ಕದಲಿಲ್ಲ: ಗಮನ ಕೊಡುವುದಿಲ್ಲ, ಹಕ್ಕಿಲ್ಲ, ಮಹತ್ವವಿಲ್ಲ. ನೆರೆಯ ಪೋಲಿಷ್ ಭಾಷೆಯಲ್ಲಿ ನಿಷೇಧಿತ ಕರ್ಮಕ್ಕೆ ಇಂದಿಗೂ ಷಷ್ಠಿ ಕಡ್ಡಾಯ. ಚೆಕ್ ಭಾಷೆ ಅದನ್ನು ಬಹುಮಟ್ಟಿಗೆ ಕೈಬಿಟ್ಟಿದೆ. ರಷ್ಯನ್ ಎರಡರ ನಡುವೆ ನಿಂತಿದೆ.

ರಷ್ಯನ್ ಕಲಿಯುವವರು ಎರಡು ಸಂಗತಿ ಹಿಡಿದುಕೊಂಡರೆ ದೈನಂದಿನ ಮಾತಿಗೆ ಸಾಕು. ‘ನ್ಯೆತ್’ ಬಂದರೆ ಷಷ್ಠಿ ತಪ್ಪದು, ಅಲ್ಲಿ ಆಯ್ಕೆಯೇ ಇಲ್ಲ. ಕರ್ಮಪದವಾದರೆ, ಹೆಸರು ಹಿಡಿದು ತೋರಿಸಬಹುದಾದದ್ದಕ್ಕೆ ದ್ವಿತೀಯೆ ಹಾಕಿ. ‘ಯಾವುದೂ’, ‘ಏನೂ’ ಎಂಬ ಅರ್ಥವಿದ್ದರೆ ಷಷ್ಠಿ ಹಾಕಿ.